ಉತ್ಪಾದನೆ ಇಳಿದರೆ ನಿರುದ್ಯೋಗ ಎಷ್ಟು ಏರುತ್ತದೆ?

ಒಂದು ನಾಡಿನಲ್ಲಿ ಸರಕು ಮತ್ತು ಸೇವೆಗಳ ಉತ್ಪಾದನೆ ಕುಸಿದಾಗ ಅವನ್ನು ತಯಾರಿಸುವ ಕೈಗಳ ಅಗತ್ಯವೂ ಕಡಿಮೆಯಾಗುತ್ತದೆ, ನಿರುದ್ಯೋಗ ಏರುತ್ತದೆ. ಈ ನಂಟನ್ನು ಅಂಕಿಗಳಲ್ಲಿ ಅಳೆದು ತೋರಿಸಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಆರ್ಥರ್ ಒಕುನ್. ಎರಡನೇ ಮಹಾಯುದ್ಧದ ನಂತರದ ಅಮೆರಿಕದ ಅಂಕಿಅಂಶಗಳನ್ನು ಇಟ್ಟುಕೊಂಡು 1962ರಲ್ಲಿ ಅವರು ಒಂದು ಲೆಕ್ಕ ಮುಂದಿಟ್ಟರು. ಉತ್ಪಾದನೆ ಶೇ 3ರಷ್ಟು ಕಡಿಮೆಯಾದರೆ ನಿರುದ್ಯೋಗದ ಪ್ರಮಾಣ ಸುಮಾರು ಶೇ 1ರಷ್ಟು ಹೆಚ್ಚುತ್ತದೆ ಎಂಬುದು ಅದರ ತಿರುಳು. ಮುಂದೆ ಇದಕ್ಕೆ ‘ಒಕುನ್ ನಿಯಮ’ ಎಂಬ ಹೆಸರು ಬಿತ್ತು. ಆಮೇಲಿನ ಅಧ್ಯಯನಗಳಲ್ಲಿ ಈ ಅನುಪಾತ ಮೂರಕ್ಕೊಂದರಿಂದ ಎರಡಕ್ಕೊಂದರ ಹತ್ತಿರಕ್ಕೆ ಬಂತು.

ಹೆಸರು ನಿಯಮವಾದರೂ ಇದು ಅನುಭವದ ಲೆಕ್ಕ. ಉತ್ಪಾದನೆ ಮೂರು ಪಾಲು ಇಳಿದಾಗ ನಿರುದ್ಯೋಗ ಏಕೆ ಒಂದೇ ಪಾಲು ಏರುತ್ತದೆ, ಉಳಿದ ಎರಡು ಪಾಲು ಎಲ್ಲಿ ಹೋಗುತ್ತವೆ ಎಂದು ಹುಡುಕಿದರೆ, ಈ ನಂಟು ಏಕೆ ಅಂದಾಜಿನದು ಎಂಬುದೂ ತಿಳಿಯುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಸಕ್ಕರೆ ಉದ್ಯಮ ಇದಕ್ಕೆ ಒಳ್ಳೆಯ ನಿದರ್ಶನ.

ಕಬ್ಬು ಕಡಿಮೆಯಾದ ವರ್ಷ

ಘಟಪ್ರಭಾ ಮತ್ತು ಹಿರಣ್ಯಕೇಶಿ ನದಿಗಳ ಈ ಸೀಮೆಯ ಮುಖ್ಯ ಬೆಳೆ ಕಬ್ಬು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ, ಗೋಕಾಕ ತಾಲ್ಲೂಕಿನಲ್ಲಿ ಘಟಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಹಿಂದೆ ಗೋಕಾಕಕ್ಕೇ ಸೇರಿದ್ದ ಮೂಡಲಗಿ ತಾಲ್ಲೂಕಿನ ಹುಣಶ್ಯಾಳ ಪಿ.ಜಿ.ಯಲ್ಲಿ ಸತೀಶ್ ಶುಗರ್ಸ್ ಇವೆ. ಮಳೆಗಾಲ ಕಳೆದ ಮೇಲೆ ಕಬ್ಬು ನುರಿಸುವ ಹಂಗಾಮು ಆರಂಭವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಹಂಗಾಮು ಎಷ್ಟು ದಿನ ನಡೆಯುತ್ತದೆ ಎಂಬುದು ಹಿಂದಿನ ಮಳೆ ಮತ್ತು ಹಿಡಕಲ್ ಜಲಾಶಯದ ನೀರಿನ ಮೇಲೆ ನಿಂತಿರುತ್ತದೆ.

ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಕಾರ್ಖಾನೆಯನ್ನು ತೆಗೆದುಕೊಳ್ಳಬಹುದು. ಅದು ದಿನಕ್ಕೆ 5,000 ಟನ್ನಿನಂತೆ 150 ದಿನ ಕಬ್ಬು ನುರಿಸುತ್ತದೆ, ಅಂದರೆ ಹಂಗಾಮಿಗೆ 7.5 ಲಕ್ಷ ಟನ್. ಕಾರ್ಖಾನೆಯೊಳಗೆ 300 ಕಾಯಂ ನೌಕರರು, 500 ಹಂಗಾಮಿ ನೌಕರರು ಇದ್ದಾರೆ. ಹೊಲದಲ್ಲಿ ಒಬ್ಬರು ದಿನಕ್ಕೆ ಒಂದೂಕಾಲು ಟನ್ ಕಡಿದು ಹೇರುತ್ತಾರೆಂದರೆ ಕಟಾವಿಗೆ 4,000 ಜನ ಬೇಕು. ಒಟ್ಟು 4,800 ಜನರಿಗೆ ಕೆಲಸ.

ಬರದಿಂದಾಗಿ ಕಬ್ಬು ಶೇ 30ರಷ್ಟು ಕಡಿಮೆಯಾಗಿ 5.25 ಲಕ್ಷ ಟನ್ನಿಗೆ ಇಳಿಯಿತು ಎನ್ನೋಣ. ಕಾರ್ಖಾನೆ ದಿನಕ್ಕೆ 4,375 ಟನ್ನಿನಂತೆ 120 ದಿನ ನಡೆದು ನಿಲ್ಲುತ್ತದೆ. ಕಾಯಂ ನೌಕರರಲ್ಲಿ ಒಬ್ಬರೂ ಕಡಿಮೆಯಾಗುವುದಿಲ್ಲ. ಹಂಗಾಮಿ ನೌಕರರೂ 500 ಜನರೇ, ಆದರೆ ಅವರಿಗೆ 30 ದಿನದ ಕೆಲಸ ಹೋಯಿತು. ಕಟಾವಿಗೆ 3,500 ಜನ ಸಾಕಾಯಿತು, ಅವರಿಗೂ 120 ದಿನವಷ್ಟೇ ಕೆಲಸ. ಉತ್ಪಾದನೆ ಶೇ 30ರಷ್ಟು ಇಳಿದರೂ ಕೆಲಸದಲ್ಲಿರುವವರ ತಲೆಲೆಕ್ಕ 4,800ರಿಂದ 4,300ಕ್ಕೆ, ಅಂದರೆ ಶೇ 10ರಷ್ಟು ಮಾತ್ರ ಇಳಿಯಿತು.

ಆ 500 ಜನರೆಲ್ಲರೂ ನಿರುದ್ಯೋಗಿಗಳ ಪಟ್ಟಿಗೆ ಸೇರುವುದಿಲ್ಲ. ಅವರಲ್ಲಿ 250 ಜನ ಸ್ವಂತ ತುಂಡು ಭೂಮಿಯಲ್ಲೋ ಅಣ್ಣತಮ್ಮಂದಿರ ಹೊಲದಲ್ಲೋ ದುಡಿಯುತ್ತಾರೆ, 150 ಜನ ಇಟ್ಟಿಗೆ ಭಟ್ಟಿಗೋ ಕಟ್ಟಡದ ಕೆಲಸಕ್ಕೋ ಹೋಗುತ್ತಾರೆ, 50 ಜನ ಕೆಲಸ ಸಿಗುವುದಿಲ್ಲವೆಂದು ಹುಡುಕುವುದನ್ನೇ ಬಿಡುತ್ತಾರೆ ಎಂದುಕೊಂಡರೆ, ಕೆಲಸ ಹುಡುಕುತ್ತಲೇ ಇರುವವರು 50 ಜನ ಉಳಿಯುತ್ತಾರೆ. ಅಂಕಿಅಂಶಗಳ ಮಟ್ಟಿಗೆ ನಿರುದ್ಯೋಗಿಗಳು ಇವರೇ, ಅಂದರೆ ಒಟ್ಟು ಕಾರ್ಮಿಕರಲ್ಲಿ ಸುಮಾರು ಶೇ 1. ಉತ್ಪಾದನೆಯ ಶೇ 30ರ ಕುಸಿತ ನಿರುದ್ಯೋಗದಲ್ಲಿ ಶೇ 1ರ ಏರಿಕೆಯಾಗಿ ಕಾಣಿಸಿಕೊಂಡಿತು.

ಪೆಟ್ಟು ಕರಗುವ ಜಾಗಗಳು

ಪೆಟ್ಟಿನ ಒಂದು ಭಾಗ ಕೆಲಸದ ದಿನಗಳಲ್ಲಿ ಕರಗುತ್ತದೆ. ಕಬ್ಬು ಕಡಿಯುವ ಗ್ಯಾಂಗಿಗೆ ಕೂಲಿ ಟನ್ನಿನ ಲೆಕ್ಕದಲ್ಲಿ ಸಿಗುತ್ತದೆ. ಕಬ್ಬು ಬೇಗ ಮುಗಿದರೆ ಗಳಿಕೆ ಕಡಿಮೆಯಾಗುತ್ತದೆಯೇ ಹೊರತು ಅವರು ‘ಕೆಲಸ ಕಳೆದುಕೊಂಡವರು’ ಎನಿಸಿಕೊಳ್ಳುವುದಿಲ್ಲ. ಮುಕಾದಮನಿಂದ ಮೊದಲೇ ಮುಂಗಡ ಪಡೆದವರಾದರೆ, ತೀರದ ಸಾಲ ಮುಂದಿನ ಹಂಗಾಮಿಗೆ ಸಾಗುತ್ತದೆ. ನಷ್ಟ ದೊಡ್ಡದು, ಆದರೆ ನಿರುದ್ಯೋಗದ ಅಂಕಿಯಲ್ಲಿ ಅದು ಕಾಣುವುದಿಲ್ಲ.

ಇನ್ನೊಂದು ಭಾಗ ಕಾರ್ಖಾನೆಯೊಳಗೇ ಉಳಿಯುತ್ತದೆ. ಬಾಯ್ಲರಿಗೆ, ನುರಿಸುವ ಮಿಲ್ಲಿಗೆ, ರಸ ಕುದಿಸಿ ಹರಳುಗಟ್ಟಿಸುವ ಪ್ಯಾನಿಗೆ, ಪ್ರಯೋಗಾಲಯಕ್ಕೆ ಪ್ರತಿ ಪಾಳಿಯಲ್ಲೂ ಇಂತಿಷ್ಟು ಜನ ಬೇಕೇ ಬೇಕು. ದಿನಕ್ಕೆ 5,000 ಟನ್ ಬಂದರೂ 4,375 ಟನ್ ಬಂದರೂ ಬಾಯ್ಲರಿನ ಮುಂದೆ ನಿಲ್ಲುವವರ ಸಂಖ್ಯೆ ಬದಲಾಗದು. ಪ್ಯಾನಿನಲ್ಲಿ ಹರಳು ಕಟ್ಟುವ ಹದವನ್ನು ಗುರುತಿಸಬಲ್ಲ ಕೆಲಸಗಾರ ಒಂದೆರಡು ತಿಂಗಳಲ್ಲಿ ತಯಾರಾಗುವವನಲ್ಲ. ಒಂದು ಬರಗಾಲದ ವರ್ಷಕ್ಕಾಗಿ ಅವನನ್ನು ಬಿಟ್ಟುಕೊಟ್ಟು ಮರುವರ್ಷ ಹುಡುಕುವುದಕ್ಕಿಂತ ಉಳಿಸಿಕೊಳ್ಳುವುದೇ ಕಾರ್ಖಾನೆಗೆ ಲಾಭ. ಹೀಗಾಗಿ ಮಂದಗತಿಯಲ್ಲಿ ಮೊದಲು ಇಳಿಯುವುದು ತಲಾ ಉತ್ಪಾದನೆ. ಚೇತರಿಕೆ ಬಂದಾಗಲೂ ಇದೇ ಕಾರಣಕ್ಕೆ ಹೊಸ ನೇಮಕಾತಿ ತಡವಾಗುತ್ತದೆ, ಏಕೆಂದರೆ ಮೊದಲಿಗೆ ಇರುವ ಕೈಗಳಿಗೇ ಪೂರ್ಣ ಕೆಲಸ ಸಿಗಬೇಕು.

ಮೂರನೆಯದಾಗಿ ಜನ ದುಡಿಮೆಗಾರರ ಲೆಕ್ಕದಿಂದಲೇ ಹೊರಬೀಳುತ್ತಾರೆ. ಕೆಲಸ ಇಲ್ಲದಿರುವುದರ ಜೊತೆಗೆ ಕೆಲಸಕ್ಕಾಗಿ ಹುಡುಕಾಟವೋ ಸಿದ್ಧತೆಯೋ ಇದ್ದರೆ ಮಾತ್ರ ನಿರುದ್ಯೋಗಿ ಎಂಬ ಎಣಿಕೆ. ಹುಡುಕುವುದನ್ನು ಬಿಟ್ಟು ಮನೆಯಲ್ಲಿ ಉಳಿದವರು, ಅದರಲ್ಲೂ ಹೆಂಗಸರು, ಈ ಲೆಕ್ಕದಲ್ಲಿ ಬರುವುದಿಲ್ಲ. ಒಕುನ್ ಕೂಡ ತಮ್ಮ ಮೂರಕ್ಕೊಂದರ ಅನುಪಾತವನ್ನು ವಿವರಿಸಿದ್ದು ಕೆಲಸದ ಗಂಟೆ, ತಲಾ ಉತ್ಪಾದನೆ ಮತ್ತು ದುಡಿಮೆಗಾರರ ಸಂಖ್ಯೆ ಎಂಬ ಈ ಮೂರರಿಂದಲೇ.

ನಾಲ್ಕನೆಯ ಜಾಗ ಭಾರತದಂಥ ದೇಶಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಅದು ಸ್ವಂತ ಹೊಲ. ಮೂವರು ಮಾಡುತ್ತಿದ್ದ ಕೆಲಸವನ್ನು ಐವರು ಹಂಚಿಕೊಂಡು ಮಾಡಿದರೆ ಐವರೂ ಉದ್ಯೋಗಸ್ಥರೇ. ರಾಷ್ಟ್ರೀಯ ಶ್ರಮಶಕ್ತಿ ಸಮೀಕ್ಷೆಯ ಸಾಪ್ತಾಹಿಕ ಲೆಕ್ಕದಲ್ಲಿ ವಾರದಲ್ಲಿ ಒಂದು ಗಂಟೆ ದುಡಿದವರೂ ಉದ್ಯೋಗಸ್ಥರು. ಒಂದು ದಿನ ಕೂಲಿ ಸಿಕ್ಕಿ ಆರು ದಿನ ಖಾಲಿ ಕುಳಿತ ಕಾರ್ಮಿಕ ಆ ವಾರ ನಿರುದ್ಯೋಗಿಯಲ್ಲ.

ಲೆಕ್ಕ ಯಾವ ಊರಿಗೆ ಸೇರುತ್ತದೆ ಎಂಬುದೂ ಇದೆ. ಬೆಳಗಾವಿ ಜಿಲ್ಲೆಗೆ ಕಬ್ಬು ಕಡಿಯಲು ವಿಜಯಪುರದಿಂದಲೂ ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದಲೂ ಗ್ಯಾಂಗುಗಳು ಬರುತ್ತವೆ. ಸಕ್ಕರೆಯ ಉತ್ಪಾದನೆ ಇಳಿದದ್ದು ಸಂಕೇಶ್ವರದಲ್ಲಾದರೂ ಕೂಲಿ ತಪ್ಪಿದ್ದು ಬೇರೆ ಜಿಲ್ಲೆಯ, ಬೇರೆ ರಾಜ್ಯದ ಮನೆಗಳಿಗೆ.

ಗಿರಣಿಯಲ್ಲಿ ಬೇರೆ ಬಗೆ

ಅನುಪಾತ ಉದ್ಯಮದಿಂದ ಉದ್ಯಮಕ್ಕೂ ಬದಲಾಗುತ್ತದೆ. ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ 19ನೇ ಶತಮಾನದ ಕೊನೆಯ ಭಾಗದಿಂದ ಇರುವಂಥದ್ದು. ನೂಲಿನ ಗಿರಣಿ ವರ್ಷವಿಡೀ ನಡೆಯುವ ಉದ್ಯಮ. ಇಂಥಲ್ಲಿ ಬೇಡಿಕೆ ಕುಗ್ಗಿದರೆ ಮೊದಲು ನಿಲ್ಲುವುದು ಬದಲಿ ಕಾರ್ಮಿಕರ ಹಾಜರಿ, ಆಮೇಲೆ ಒಂದು ಪಾಳಿ. ಕಾಯಂ ಕಾರ್ಮಿಕರನ್ನು ತಾತ್ಕಾಲಿಕವಾಗಿ ಮನೆಗೆ ಕಳಿಸುವ ‘ಲೇಆಫ್’ ಕೊನೆಗೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಂತೆ ಲೇಆಫ್ ಆದ ಅರ್ಹ ಕಾರ್ಮಿಕನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಸಲ್ಲಬೇಕಿತ್ತು. ಅವನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯುತ್ತಿತ್ತು. ಹಂಗಾಮಿ ಉದ್ಯಮಗಳಿಗೆ ಈ ವಿಧಿ ಅನ್ವಯಿಸುತ್ತಿರಲಿಲ್ಲ. ಪೆಟ್ಟು ಯಾರ ಮೇಲೆ, ಎಷ್ಟು ಬೇಗ ಬೀಳುತ್ತದೆ ಎಂಬುದನ್ನು ಉತ್ಪಾದನೆಯ ಜೊತೆಗೆ ಕಾನೂನೂ ನಿರ್ಧರಿಸುತ್ತದೆ.

2009ರ ಜಾಗತಿಕ ಹಿಂಜರಿತದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಕಾಣಿಸಿತು. ಆ ವರ್ಷ ಜರ್ಮನಿಯ ಉತ್ಪಾದನೆ ಶೇ 5ಕ್ಕಿಂತ ಹೆಚ್ಚು ಕುಸಿದರೂ ನಿರುದ್ಯೋಗ ಅಷ್ಟಾಗಿ ಏರಲಿಲ್ಲ. ಕೆಲಸದ ಗಂಟೆಗಳನ್ನು ಕಡಿತ ಮಾಡಿ, ಹೋದ ವೇತನದ ಒಂದು ಭಾಗವನ್ನು ಸರ್ಕಾರ ತುಂಬಿಕೊಡುವ ವ್ಯವಸ್ಥೆ ಅಲ್ಲಿತ್ತು. ಅಮೆರಿಕದಲ್ಲಿ ಉತ್ಪಾದನೆ ಅದರ ಅರ್ಧದಷ್ಟೇ ಕುಸಿಯಿತು, ಆದರೆ ನಿರುದ್ಯೋಗ ಒಂದೇ ವರ್ಷದಲ್ಲಿ ಸುಮಾರು ಶೇ 5.8ರಿಂದ ಶೇ 9.3ಕ್ಕೆ ಹಾರಿತು.

ತಡ ಮತ್ತು ತಿರುವು

ಪೆಟ್ಟು ಮತ್ತು ಪರಿಣಾಮ ಒಂದೇ ಕಾಲಕ್ಕೆ ಬರಬೇಕೆಂದೂ ಇಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೂ ಸುತ್ತಲಿನ ಹೊಲಗಳಿಗೂ ನೀರು ನುಗ್ಗಿತು. ಹೀಗೆ ಹಾಳಾದ ಕಬ್ಬಿನ ಪರಿಣಾಮ ಕಟಾವಿನ ಕೂಲಿಗೆ ತಟ್ಟುವುದು ಹಂಗಾಮು ಆರಂಭವಾದ ಮೇಲೆ. ನೀರಿನ ಕೊರತೆಯಿಂದ ಹೊಸ ನಾಟಿಯೇ ಕಡಿಮೆಯಾದರೆ ಅದು ಕಾರ್ಖಾನೆಗೆ ತಿಳಿಯುವುದು ಸುಮಾರು ಒಂದು ವರ್ಷದ ನಂತರ. ಒಂದೇ ತ್ರೈಮಾಸಿಕದ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ನಂಟೇ ಕಾಣದಿರಬಹುದು.

ಉತ್ಪಾದನೆ ಏರಿದರೂ ನಿರುದ್ಯೋಗ ಏರುವ ಸಂದರ್ಭಗಳಿವೆ. ಕಬ್ಬು ಕಡಿಯುವ ಯಂತ್ರ ಹೊಲಕ್ಕೆ ಇಳಿದರೆ ಅಷ್ಟೇ ಕಬ್ಬಿಗೆ ಕಡಿಮೆ ಜನ ಸಾಕು. ತಲಾ ಉತ್ಪಾದನೆ ವರ್ಷಕ್ಕೆ ಶೇ 3ರಂತೆ, ದುಡಿಯಲು ಬರುವವರ ಸಂಖ್ಯೆ ಶೇ 1ರಂತೆ ಹೆಚ್ಚುತ್ತಿದ್ದರೆ, ನಿರುದ್ಯೋಗ ಇದ್ದಲ್ಲೇ ಇರಬೇಕಾದರೂ ಉತ್ಪಾದನೆ ಸುಮಾರು ಶೇ 4ರಷ್ಟು ಬೆಳೆಯಬೇಕು. ಬೆಳವಣಿಗೆ ಶೇ 2 ಆದರೆ ಕುಸಿತವಿಲ್ಲದೆಯೂ ನಿರುದ್ಯೋಗ ಹೆಚ್ಚುತ್ತದೆ.

ನಂಟು ಪೂರ್ತಿ ತಿರುಗಿ ನಿಂತಂತೆ ಕಂಡದ್ದು ಕೋವಿಡ್ ಕಾಲದಲ್ಲಿ. 2020-21ರ ಹಣಕಾಸು ವರ್ಷದಲ್ಲಿ ಭಾರತದ ಒಟ್ಟು ದೇಶೀಯ ಉತ್ಪನ್ನ ಸುಮಾರು ಶೇ 6ರಷ್ಟು ಕುಸಿಯಿತು. ಲಾಕ್‌ಡೌನ್ ಇದ್ದ 2020ರ ಏಪ್ರಿಲ್-ಜೂನ್‌ನಲ್ಲಿ ನಗರಗಳ ಸಾಪ್ತಾಹಿಕ ನಿರುದ್ಯೋಗ ಶೇ 20 ದಾಟಿತು. ಇಲ್ಲಿಯವರೆಗೆ ನಿಯಮ ಹೇಳಿದಂತೆಯೇ ಆಯಿತು. ಆದರೆ ಜುಲೈನಿಂದ ಜೂನ್‌ವರೆಗಿನ ಸಮೀಕ್ಷಾ ವರ್ಷದ ಲೆಕ್ಕದಲ್ಲಿ, ಇಡೀ ದೇಶದ ‘ಸಾಮಾನ್ಯ ಸ್ಥಿತಿ’ಯ ನಿರುದ್ಯೋಗ 2019-20ರ ಶೇ 4.8ರಿಂದ 2020-21ರಲ್ಲಿ ಶೇ 4.2ಕ್ಕೆ ಇಳಿಯಿತು. ಇತ್ತ ದುಡಿಯುವವರಲ್ಲಿ ಕೃಷಿಯ ಪಾಲು 2018-19ರ ಶೇ 42.5ರಿಂದ 2020-21ರಲ್ಲಿ ಶೇ 46.5ಕ್ಕೆ ಏರಿತ್ತು. ನಗರದ ಕೆಲಸ ಕಳೆದುಕೊಂಡವರು ಊರಿಗೆ ಮರಳಿ ಹೊಲಕ್ಕೆ ಇಳಿದರು, ಉದ್ಯೋಗ ಖಾತ್ರಿ ಕಾಮಗಾರಿಗೆ ಹೋದರು. ವರ್ಷದ ಲೆಕ್ಕದಲ್ಲಿ ಅವರೆಲ್ಲ ಉದ್ಯೋಗಸ್ಥರಾದರು.

ಅಂಕಿಗಳನ್ನು ಓದುವ ಬಗೆ

ಮಾಸಿಕ ಸಂಬಳ ಮತ್ತು ನಿರುದ್ಯೋಗ ಭತ್ಯೆ ಇರುವ ದೇಶಗಳಲ್ಲಿ ಕೆಲಸ ಹೋದವರು ನಿರುದ್ಯೋಗಿಗಳಾಗಿಯೇ ಎಣಿಕೆಗೆ ಸಿಗುತ್ತಾರೆ, ಹಾಗಾಗಿ ಅಲ್ಲಿ ಒಕುನ್ ಲೆಕ್ಕ ಹೆಚ್ಚು ಹೊಂದುತ್ತದೆ. ಸುಮ್ಮನೆ ಕುಳಿತುಕೊಳ್ಳಲು ಆಗದ ಬಡವರೇ ಹೆಚ್ಚಿರುವಲ್ಲಿ ಕುಸಿತದ ಗುರುತು ಬೇರೆ ಅಂಕಿಗಳಲ್ಲಿ ಸಿಗುತ್ತದೆ. ಘಟಪ್ರಭೆಯ ಸೀಮೆಯಲ್ಲಿ ಅವು ನುರಿಸಿದ ದಿನಗಳು, ಗ್ಯಾಂಗಿನ ಒಟ್ಟು ಟನ್ನೇಜು, ಗಿರಣಿಯ ಪಾಳಿಗಳು ಮತ್ತು ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳಿದವರ ಸಂಖ್ಯೆ. ಈ ನಾಲ್ಕೂ ಒಟ್ಟಿಗೆ ಹದಗೆಟ್ಟಿದ್ದರೆ, ನಿರುದ್ಯೋಗದ ಪ್ರಮಾಣ ಇದ್ದಲ್ಲೇ ಇದ್ದರೂ ದುಡಿಮೆ ಕುಸಿದಿದೆ ಎಂದೇ ತಿಳಿಯಬೇಕು.