ಮೂರು ಎತ್ತರಗಳು ಕೂಡುವ ಬಿಂದು, ಅಲ್ಲಿಗೆ ಮೂರು ದಾರಿ

ತ್ರಿಭುಜದ ಒಂದು ಶೃಂಗದಿಂದ ಎದುರಿನ ಬಾಹುವಿಗೆ ಲಂಬವಾಗಿ ಎಳೆದ ಗೆರೆಗೆ ಎತ್ತರ ಎನ್ನುತ್ತಾರೆ. ಶೃಂಗಗಳು ಮೂರಾದ್ದರಿಂದ ಎತ್ತರಗಳೂ ಮೂರು. ಸಮಾಂತರವಲ್ಲದ ಎರಡು ಗೆರೆಗಳು ಎಲ್ಲಾದರೂ ಕೂಡಲೇಬೇಕು, ಅದರಲ್ಲಿ ಅಚ್ಚರಿಯಿಲ್ಲ. ಮೂರನೆಯ ಎತ್ತರವೂ ತಪ್ಪದೆ ಅದೇ ಬಿಂದುವಿನಲ್ಲಿ ಹಾದುಹೋಗುತ್ತದೆ ಎಂಬುದೇ ಅಚ್ಚರಿ. ಈ ಬಿಂದುವಿಗೆ ಲಂಬಕೇಂದ್ರ ಎಂದು ಹೆಸರು. ಯೂಕ್ಲಿಡನ 'ಎಲಿಮೆಂಟ್ಸ್' ಗ್ರಂಥದ ಹದಿಮೂರು ಭಾಗಗಳಲ್ಲಿ ಈ ಪ್ರಮೇಯ ಇಲ್ಲ. ಆದರೆ ಇದನ್ನು ಸಾಧಿಸಲು ಬೇಕಾದ ಸಲಕರಣೆಯೆಲ್ಲ ಅಲ್ಲಿದೆ. ಅದೇ ಫಲಿತಾಂಶವನ್ನು ನಿರ್ದೇಶಾಂಕಗಳಿಂದಲೂ ಸದಿಶಗಳಿಂದಲೂ ಸಾಧಿಸಬಹುದು. ಮೂರು ಸಾಧನೆಗಳೂ ಚಿಕ್ಕವೇ, ಆದರೆ ಒಂದೊಂದೂ ಬೇರೆ ಬೇರೆ ಕಾರಣವನ್ನು ಕೊಡುತ್ತದೆ.

ಮೊದಲು ಶುದ್ಧ ರೇಖಾಗಣಿತದ ದಾರಿ. ಇಲ್ಲಿ ಅಂಕಿಗಳಿಲ್ಲ, ಸಮೀಕರಣಗಳಿಲ್ಲ. ಚಿತ್ರಕ್ಕೆ ಸರಿಯಾದ ಗೆರೆಗಳನ್ನು ಸೇರಿಸುವುದೇ ಕೆಲಸ. ABC ಎಂಬ ತ್ರಿಭುಜದಲ್ಲಿ A ಮೂಲಕ BC ಗೆ, B ಮೂಲಕ CA ಗೆ, C ಮೂಲಕ AB ಗೆ ಸಮಾಂತರ ರೇಖೆಗಳನ್ನು ಎಳೆಯಬೇಕು. ಈ ಮೂರು ಗೆರೆಗಳು ಸೇರಿ ಮೊದಲಿನ ತ್ರಿಭುಜವನ್ನು ಒಳಗಿಟ್ಟುಕೊಂಡ ಒಂದು ದೊಡ್ಡ ತ್ರಿಭುಜ ಆಗುತ್ತದೆ. ಅದರ ಶೃಂಗಗಳನ್ನು X, Y, Z ಎನ್ನೋಣ. A ಬಿಂದು YZ ಮೇಲೆ, B ಬಿಂದು ZX ಮೇಲೆ, C ಬಿಂದು XY ಮೇಲೆ ಇರಲಿ. ಈಗ ZACB ಒಂದು ಸಮಾಂತರ ಚತುರ್ಭುಜ, ಆದ್ದರಿಂದ ZA = BC. ಹಾಗೆಯೇ AYCB ಕೂಡ ಸಮಾಂತರ ಚತುರ್ಭುಜ, ಆದ್ದರಿಂದ AY = BC. ಅಂದರೆ A ಎಂಬುದು YZ ನ ಮಧ್ಯಬಿಂದು. A ಯಿಂದ ಇಳಿದ ಎತ್ತರ BC ಗೆ ಲಂಬ, BC ಗೆ YZ ಸಮಾಂತರ. ಹಾಗಾಗಿ ಆ ಎತ್ತರ YZ ಗೂ ಲಂಬ, ಅದೂ ಮಧ್ಯಬಿಂದುವಿನಲ್ಲಿಯೇ. ಸಣ್ಣ ತ್ರಿಭುಜದ ಎತ್ತರ ದೊಡ್ಡ ತ್ರಿಭುಜಕ್ಕೆ ಲಂಬಾರ್ಧಕವಾಯಿತು. ಉಳಿದ ಎರಡು ಎತ್ತರಗಳ ಕಥೆಯೂ ಇದೇ.

ಲಂಬಾರ್ಧಕಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ ಎಂಬುದು ಸುಲಭ. YZ ನ ಲಂಬಾರ್ಧಕದ ಮೇಲಿನ ಬಿಂದು Y, Z ಎರಡರಿಂದಲೂ ಸಮದೂರ. ZX ನ ಲಂಬಾರ್ಧಕದ ಮೇಲಿನದು Z, X ಎರಡರಿಂದಲೂ ಸಮದೂರ. ಎರಡೂ ಕೂಡಿದ ಬಿಂದು ಮೂರಕ್ಕೂ ಸಮದೂರವಾಗಿರುವುದರಿಂದ ಮೂರನೆಯ ಲಂಬಾರ್ಧಕದ ಮೇಲೂ ಇರಲೇಬೇಕು. ಸಾಧನೆ ಮುಗಿಯಿತು. ಹೊಸ ವಿಷಯವೊಂದನ್ನು ಹಳೆಯ, ಪರಿಚಿತ ವಿಷಯವಾಗಿ ತಿರುಗಿಸಿದ್ದೇ ಇದರ ಚೆಲುವು. ಕಷ್ಟವಿರುವುದು ಒಂದೇ ಕಡೆ: ಆ ಮೂರು ಸಮಾಂತರ ರೇಖೆಗಳನ್ನು ಎಳೆಯಬೇಕು ಎಂದು ಹೊಳೆಯಬೇಕು. ಹೊಳೆಯದಿದ್ದರೆ ಗಂಟೆಗಟ್ಟಲೆ ಕೂತರೂ ಚಿತ್ರ ಏನನ್ನೂ ಹೇಳುವುದಿಲ್ಲ.

ಶುದ್ಧ ರೇಖಾಗಣಿತದ ಇನ್ನೊಂದು ಅಪಾಯ ಈ ಸಾಧನೆಯಲ್ಲಿ ಕಾಣುವುದಿಲ್ಲ; ಅದು ಕಾಣುವುದು ಕೋನಗಳ ಮೂಲಕ ನಡೆಯುವ ಇನ್ನೊಂದು ಸಾಧನೆಯಲ್ಲಿ. B ಯಿಂದ ಇಳಿದ ಎತ್ತರದ ಪಾದ E, C ಯಿಂದ ಇಳಿದದ್ದರ ಪಾದ F, ಎರಡು ಎತ್ತರಗಳು ಕೂಡಿದ್ದು H ನಲ್ಲಿ. E, F ಗಳಲ್ಲಿ ಲಂಬಕೋನಗಳಿರುವುದರಿಂದ A, F, H, E ಒಂದು ವೃತ್ತದ ಮೇಲೆ, B, C, E, F ಇನ್ನೊಂದು ವೃತ್ತದ ಮೇಲೆ ಬರುತ್ತವೆ. ಮೊದಲ ವೃತ್ತದಿಂದ ∠FAH = ∠FEH, ಎರಡನೆಯದರಿಂದ ∠FEB = ∠FCB. ಎರಡನ್ನೂ ಜೋಡಿಸಿದರೆ AH ಗೆರೆ BC ಗೆ ಲಂಬ ಎಂದು ಸಿದ್ಧವಾಗುತ್ತದೆ. ಲಘುಕೋನ ತ್ರಿಭುಜದಲ್ಲಿ ಇದು ಸರಿ. A ಯಲ್ಲಿ ವಿಶಾಲಕೋನವಿದ್ದರೆ ಮಾತ್ರ E, F ಎರಡೂ ಬಾಹುಗಳನ್ನು ದಾಟಿ ಹೊರಗೆ ಹೋಗುತ್ತವೆ, H ತ್ರಿಭುಜದ ಹೊರಗೆ ಬೀಳುತ್ತದೆ, ವೃತ್ತದ ಮೇಲಿನ ಬಿಂದುಗಳ ಸರದಿ ಬದಲಾಗುತ್ತದೆ. ಆಗ ∠FEB ಮತ್ತು ∠FCB ಸಮವಲ್ಲ. ಅವುಗಳ ಮೊತ್ತ 180°. ತೀರ್ಮಾನ ನಿಜವೇ, ಆದರೆ ಬರೆದ ಕಾರಣ ಸುಳ್ಳಾಯಿತು. A ಯಲ್ಲಿ ಲಂಬಕೋನವೇ ಇದ್ದರೆ A, E, F, H ನಾಲ್ಕೂ ಒಂದೇ ಬಿಂದುವಾಗಿ ಮೊದಲ ವೃತ್ತವೇ ಇಲ್ಲವಾಗುತ್ತದೆ. ಇಂಥ ಸಾಧನೆ ಬರೆದವರು ವಿಶಾಲಕೋನದ ಚಿತ್ರವೊಂದನ್ನು ಎಳೆದು, ಪ್ರತಿ ಸಾಲನ್ನೂ ಅದರ ಮುಂದೆ ಹಿಡಿದು ಓದಬೇಕು. ಎಲ್ಲಿ ಸಾಲು ಚಿತ್ರಕ್ಕೆ ಹೊಂದುವುದಿಲ್ಲವೋ ಅಲ್ಲಿ ಬೇರೆ ಪ್ರಕರಣ ಬರೆಯಬೇಕು. ಸಮಾಂತರ ರೇಖೆಗಳ ಸಾಧನೆಗೆ ಈ ಕಾಟವಿಲ್ಲ, ಏಕೆಂದರೆ ಅದರಲ್ಲಿ ಕೋನದ ಅಳತೆ ಎಲ್ಲೂ ಬರುವುದಿಲ್ಲ.

ಎರಡನೆಯ ದಾರಿ ನಿರ್ದೇಶಾಂಕಗಳದು. ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ 'ಲಾ ಜಿಯೊಮೆಟ್ರಿ'ಯಿಂದ ಬೆಳೆದ ಈ ವಿಧಾನದಲ್ಲಿ ಹೊಳೆಯಬೇಕಾದದ್ದು ಕಡಿಮೆ. ಅಕ್ಷಗಳನ್ನು ಎಲ್ಲಿಡಬೇಕು ಎಂಬುದಷ್ಟೇ ಜಾಣತನ ಬೇಡುವ ಜಾಗ. BC ಯನ್ನು x-ಅಕ್ಷವಾಗಿಯೂ A ಯಿಂದ ಇಳಿದ ಎತ್ತರವನ್ನೇ y-ಅಕ್ಷವಾಗಿಯೂ ಇಟ್ಟರೆ ಕೆಲಸ ಅರ್ಧ ಮುಗಿದಂತೆ. ಆಗ A = (0, p), B = (q, 0), C = (r, 0). ಒಂದು ಎತ್ತರ ಈಗಾಗಲೇ x = 0 ಎಂಬ ಗೆರೆ. B ಯಿಂದ AC ಗೆ ಲಂಬವಾದ ಗೆರೆ rx − py = qr; C ಯಿಂದ AB ಗೆ ಲಂಬವಾದದ್ದು qx − py = qr. ಎರಡರಲ್ಲೂ x = 0 ಎಂದಿಟ್ಟರೆ y = −qr/p ಬರುತ್ತದೆ. ಉತ್ತರದಲ್ಲಿ q, r ಗಳನ್ನು ಅದಲುಬದಲು ಮಾಡಿದರೂ ಅದು ಬದಲಾಗುವುದಿಲ್ಲ. ಎರಡನೆಯ ಗೆರೆಯ ಲೆಕ್ಕವನ್ನು ಬೇರೆ ಮಾಡಬೇಕಾದ ಅಗತ್ಯವೇ ಇಲ್ಲ ಎಂದು ಈ ಸಮರೂಪವೇ ಹೇಳುತ್ತದೆ.

ಗ್ರಾಫ್ ಹಾಳೆಯಲ್ಲಿ A ಯನ್ನು (0, 6), B ಯನ್ನು (−2, 0), C ಯನ್ನು (3, 0) ಎಂದು ಗುರುತಿಸಿದರೆ ಲಂಬಕೇಂದ್ರ (0, 1) ರಲ್ಲಿ ಬರುತ್ತದೆ. ಮೂಲೆಮಟ್ಟ ಇಟ್ಟು ಎಳೆದು ನೋಡಿದರೂ ಗೆರೆಗಳು ಅಲ್ಲೇ ಕೂಡುತ್ತವೆ. ಈಗ B ಯನ್ನು (2, 0) ಗೆ ಸರಿಸಿದರೆ B ಯಲ್ಲಿ ವಿಶಾಲಕೋನವಾಗುತ್ತದೆ, ಲಂಬಕೇಂದ್ರ (0, −1) ಕ್ಕೆ ಇಳಿದು ತ್ರಿಭುಜದ ಹೊರಗೆ ಹೋಗುತ್ತದೆ. ಸೂತ್ರದಲ್ಲಿ ಬದಲಾದದ್ದು ಒಂದು ಚಿಹ್ನೆ ಮಾತ್ರ. ಕೋನಗಳ ಸಾಧನೆಯಲ್ಲಿ ಬೇರೆ ಪ್ರಕರಣ ಬೇಡಿದ ವಿಷಯವನ್ನು ಇಲ್ಲಿ ಋಣ ಚಿಹ್ನೆ ತಾನೇ ನೋಡಿಕೊಳ್ಳುತ್ತದೆ.

ಈ ದಾರಿಯಲ್ಲೂ ಎಡವುವ ಜಾಗಗಳಿವೆ. ಗೆರೆಗಳನ್ನು ಇಳಿಜಾರಿನಿಂದ ಬರೆಯುವವರು AC ಯ ಇಳಿಜಾರು −p/r ಎನ್ನುತ್ತಾರೆ; r = 0 ಆದಾಗ, ಅಂದರೆ C ಯಲ್ಲಿ ಲಂಬಕೋನವಿದ್ದಾಗ, ಆ ಭಾಗಾಕಾರಕ್ಕೆ ಅರ್ಥವಿಲ್ಲ. ಮೇಲಿನ ಸಮೀಕರಣಗಳಲ್ಲಿ ಭಾಗಾಕಾರವಿರುವುದು p ಯಿಂದ ಮಾತ್ರ, ಅದು ತ್ರಿಭುಜದಲ್ಲಿ ಎಂದೂ ಸೊನ್ನೆಯಲ್ಲ. ಇದಕ್ಕಿಂತ ದೊಡ್ಡ ತಪ್ಪು ಅನುಕೂಲಕ್ಕೆಂದು B = (−1, 0), C = (1, 0), A = (0, p) ಎಂದು ಇಡುವುದು. ಲೆಕ್ಕ ಸರಾಗವಾಗಿ ಮುಗಿಯುತ್ತದೆ, ಆದರೆ ಸಾಧಿಸಿದ್ದು ಸಮದ್ವಿಬಾಹು ತ್ರಿಭುಜಕ್ಕೆ ಮಾತ್ರ. ಇದನ್ನು ಹಿಡಿಯಲು ಒಂದು ಎಣಿಕೆ ಸಾಕು. ತ್ರಿಭುಜದ ಆಕಾರ ಮತ್ತು ಗಾತ್ರ ಹೇಳಲು ಮೂರು ಸಂಖ್ಯೆ ಬೇಕು, ಬರಿಯ ಆಕಾರಕ್ಕೆ ಎರಡು. p, q, r ಮೂರಿದ್ದರೆ ಏನೂ ಕಳೆದಿಲ್ಲ. ಅಳತೆಯ ಮಾನವನ್ನು ಬೇಕಾದಂತೆ ಆರಿಸಿಕೊಂಡು p = 1 ಎಂದರೆ ಎರಡು ಉಳಿಯುತ್ತವೆ, ಅದೂ ಸರಿಯೇ. ಒಂದೇ ಅಕ್ಷರ ಉಳಿದಿದೆ ಎಂದರೆ ಎಲ್ಲೋ ವಿಶೇಷ ತ್ರಿಭುಜವೊಂದು ನುಸುಳಿದೆ.

ಸದಿಶಗಳ ದಾರಿ ಇವೆರಡಕ್ಕಿಂತ ಹೊಸದು. ಇಂದಿನ ರೂಪದ ಸದಿಶ ಗಣಿತ ಗಿಬ್ಸ್ ಮತ್ತು ಹೆವಿಸೈಡ್ ಕೈಯಲ್ಲಿ 19ನೇ ಶತಮಾನದ ಕೊನೆಯಲ್ಲಿ ಮೂಡಿತು. ಎಲ್ಲೋ ಒಂದು ಮೂಲಬಿಂದುವಿನಿಂದ ಮೂರು ಶೃಂಗಗಳಿಗೆ a, b, c ಎಂಬ ಸದಿಶಗಳಿರಲಿ. ಎರಡು ಸದಿಶಗಳು ಲಂಬವಾಗಿದ್ದರೆ ಅವುಗಳ ಬಿಂದು ಗುಣಲಬ್ಧ ಸೊನ್ನೆ. ಇಡೀ ಸಾಧನೆ ಈ ಒಂದು ಸಾಲಿನಲ್ಲಿದೆ:

a·(c − b) + b·(a − c) + c·(b − a) = 0

ಆವರಣಗಳನ್ನು ಬಿಡಿಸಿದರೆ ಆರು ಪದಗಳು ಎರಡೆರಡಾಗಿ ಹೊಡೆದುಹೋಗುತ್ತವೆ, ಆದ್ದರಿಂದ ಇದು ಯಾವಾಗಲೂ ನಿಜ. ಈಗ ಮೂಲಬಿಂದುವನ್ನು ಎರಡು ಎತ್ತರಗಳು ಕೂಡುವ H ನಲ್ಲಿಯೇ ಇಡಬೇಕು. HA ಗೆರೆ BC ಗೆ ಲಂಬ, ಹಾಗಾಗಿ ಮೊದಲ ಪದ ಸೊನ್ನೆ. HB ಗೆರೆ CA ಗೆ ಲಂಬ, ಎರಡನೆಯದೂ ಸೊನ್ನೆ. ಉಳಿದ ಮೂರನೆಯ ಪದವೂ ಸೊನ್ನೆಯಾಗದೆ ವಿಧಿಯಿಲ್ಲ. HC ಗೆರೆ AB ಗೆ ಲಂಬವಾಯಿತು.

ಈ ಸಾಲಿನಲ್ಲಿ ನಾಲ್ಕು ಬಿಂದುಗಳು ಒಂದೇ ಸಮತಲದಲ್ಲಿರಬೇಕೆಂಬ ಮಾತು ಎಲ್ಲೂ ಇಲ್ಲ. ಆದ್ದರಿಂದ ಅದೇ ಸಾಧನೆ ಒಂದಕ್ಷರವೂ ಬದಲಾಗದೆ ತ್ರಿಭುಜದಿಂದ ಚತುರ್ಮುಖಿಗೆ ದಾಟುತ್ತದೆ: ನಾಲ್ಕು ಮುಖಗಳ ಘನಾಕೃತಿಯಲ್ಲಿ ಎದುರುಬದುರಾದ ಎರಡು ಜೋಡಿ ಅಂಚುಗಳು ಪರಸ್ಪರ ಲಂಬವಾಗಿದ್ದರೆ ಮೂರನೆಯ ಜೋಡಿಯೂ ಲಂಬವೇ. ಸಮಾಂತರ ರೇಖೆಗಳ ಚಿತ್ರ ಎಷ್ಟು ಸುಂದರವಾಗಿದ್ದರೂ ಹಾಳೆಯನ್ನು ಬಿಟ್ಟು ಇಷ್ಟು ಸಲೀಸಾಗಿ ಮೇಲೇಳುವುದಿಲ್ಲ.

ಮೂಲಬಿಂದುವನ್ನು ಪರಿಕೇಂದ್ರ O ಗೆ ಸರಿಸಿದರೆ ಮತ್ತೊಂದು ಫಲ ಸಿಗುತ್ತದೆ. ಅಲ್ಲಿಂದ a, b, c ಮೂರರ ಉದ್ದವೂ ಒಂದೇ. h = a + b + c ಎಂಬ ಬಿಂದುವನ್ನು ತೆಗೆದುಕೊಂಡರೆ (h − a)·(b − c) = (b + c)·(b − c) = b·b − c·c = 0. ಅಂದರೆ ಆ ಬಿಂದುವೇ ಲಂಬಕೇಂದ್ರ. ಗುರುತ್ವಕೇಂದ್ರ G ಇರುವುದು (a + b + c)/3 ರಲ್ಲಿ. ಹೀಗೆ O, G, H ಒಂದೇ ಗೆರೆಯ ಮೇಲೆ ಬಂದವು, OH ಎಂಬುದು OG ಯ ಮೂರರಷ್ಟು. 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಹೆಸರಿನ ರೇಖೆ ಇದೇ. ಮೇಲಿನ ಗ್ರಾಫ್ ಹಾಳೆಯ ಮೊದಲ ತ್ರಿಭುಜದಲ್ಲಿ G = (1/3, 2), H = (0, 1), O = (1/2, 5/2); ಮೂರನ್ನೂ ಗುರುತಿಸಿ ಅಳತೆಪಟ್ಟಿ ಇಟ್ಟರೆ ಒಂದೇ ಸಾಲಿನಲ್ಲಿವೆ. ಶುದ್ಧ ರೇಖಾಗಣಿತದ ದೊಡ್ಡ ತ್ರಿಭುಜದಲ್ಲಿಯೂ ಈ ಸಂಗತಿ ಅಡಗಿತ್ತು, ಏಕೆಂದರೆ ಅದು G ಸುತ್ತ ಎರಡರಷ್ಟು ಹಿಗ್ಗಿ ತಲೆಕೆಳಗಾದ ABC ಯೇ. ಅದನ್ನು ಕಾಣಲು ಪಳಗಿದ ಕಣ್ಣು ಬೇಕು. ಸದಿಶಗಳಲ್ಲಿ ಕೂಡಿಸಲು ಬಂದರೆ ಸಾಕು.

ಹಾಗಾದರೆ ಯಾವುದನ್ನು ಆರಿಸಬೇಕು? ಹೇಳಿಕೆಯಲ್ಲಿ ಏನಿದೆ ಎಂಬುದು ಇದನ್ನು ತೀರ್ಮಾನಿಸುತ್ತದೆ. ಲಂಬ, ಮಧ್ಯಬಿಂದು, ಪ್ರಮಾಣ ಇವಿಷ್ಟೇ ಇದ್ದರೆ ಸದಿಶಗಳು ಮುಂದು. ಒಂದು ಗೆರೆ ಎಲ್ಲಕ್ಕೂ ನೆಲದಂತೆ ನಿಂತು, ಅದಕ್ಕೊಂದು ಲಂಬವೂ ಸಹಜವಾಗಿ ಒದಗಿದರೆ ನಿರ್ದೇಶಾಂಕ ಹಗುರ. ಕೋನಗಳೂ ವೃತ್ತಗಳೂ ತುಂಬಿದ್ದರೆ ಚಿತ್ರದ ಹತ್ತಿರವೇ ಹೋಗಬೇಕು. ಅದೇ ABC ಯಲ್ಲಿ ಎತ್ತರಗಳ ಬದಲು ಕೋನಾರ್ಧಕಗಳು ಒಂದೆಡೆ ಕೂಡುತ್ತವೆ ಎಂದು ಸಾಧಿಸಲು ಹೊರಟರೆ ಇದು ಚೆನ್ನಾಗಿ ಗೊತ್ತಾಗುತ್ತದೆ. A = (0, p), B = (q, 0) ಎಂದು ಶುರುಮಾಡಿದರೆ ಮೊದಲ ಸಾಲಿನಲ್ಲಿಯೇ √(p² + q²) ಮತ್ತು √(p² + r²) ಬಂದು ಕೂರುತ್ತವೆ, ಕೊನೆಯವರೆಗೂ ಬಿಡುವುದಿಲ್ಲ. ಸದಿಶಗಳಲ್ಲೂ ಬಾಹುಗಳ ಉದ್ದದಿಂದ ಭಾಗಿಸದೆ ಕೋನಾರ್ಧಕ ಬರೆಯಲಾಗದು. ಶುದ್ಧ ರೇಖಾಗಣಿತದಲ್ಲಿ ಎರಡು ಸಾಲು ಸಾಕು: ತ್ರಿಭುಜದೊಳಗೆ ಕೋನಾರ್ಧಕದ ಮೇಲಿನ ಬಿಂದು ಎರಡು ಬಾಹುಗಳಿಗೂ ಸಮದೂರ, ಆದ್ದರಿಂದ ಎರಡು ಅರ್ಧಕಗಳು ಕೂಡುವ ಬಿಂದು ಮೂರು ಬಾಹುಗಳಿಗೂ ಸಮದೂರ, ಮೂರನೆಯ ಅರ್ಧಕವೂ ಅಲ್ಲಿಗೇ ಬರುತ್ತದೆ.