ಒಬ್ಬರ ನಾಲ್ಕು, ಇನ್ನೊಬ್ಬರ ಮೂರು

ಅಪ್ರೈಸಲ್ ಸಮಯದಲ್ಲಿ ಬೆಂಗಳೂರಿನ ಐಟಿ ಕಚೇರಿಗಳ ಕ್ಯಾಂಟೀನಿನಲ್ಲಿ ಕೇಳುವ ಮಾತು: ‘ಅವರ ಮ್ಯಾನೇಜರ್ ಕೈ ಧಾರಾಳ, ನಮ್ಮವರದು ಬಿಗಿ.’ ಈ ಗೊಣಗಾಟದಲ್ಲಿ ಹುರುಳಿದೆ. 2000ರಲ್ಲಿ ಸ್ಕಲನ್, ಮೌಂಟ್, ಗಾಫ್ ಎಂಬ ಸಂಶೋಧಕರು ಸಾವಿರಾರು ಮ್ಯಾನೇಜರುಗಳಿಗೆ ಸಿಕ್ಕ ರೇಟಿಂಗ್‌ಗಳನ್ನು ಪರಿಶೀಲಿಸಿದರು. ಅವುಗಳ ಏರುಪೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಂಕ ಕೊಟ್ಟವರ ಧೋರಣೆಯದೇ ಆಗಿತ್ತು.

ಇದನ್ನು ಸರಿಪಡಿಸಲು ಮ್ಯಾನೇಜರುಗಳು ಒಟ್ಟಿಗೆ ಕೂತು, ತಾವು ಕೊಟ್ಟ ಅಂಕಗಳನ್ನು ಒಂದೇ ಅಳತೆಗೆ ತರುವ ಸಭೆಯೇ ಕ್ಯಾಲಿಬ್ರೇಷನ್. ಇದು ಬೆಲ್ ಕರ್ವ್ ಅಲ್ಲ. ಇಂತಿಷ್ಟು ಮಂದಿ ಕೆಳಗೆ ಬೀಳಲೇಬೇಕೆಂಬ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ಎಂಟೇ ಜನರ ತಂಡದಲ್ಲಿ ಎಂಟೂ ಮಂದಿ ಚೆನ್ನಾಗಿ ದುಡಿದಿರಬಹುದು.

ಒಂದು ಉದಾಹರಣೆ ನೋಡೋಣ. ಐದು ಅಂಕದ ಅಳತೆಯಲ್ಲಿ ಪೇಮೆಂಟ್ ತಂಡದ ಸರಾಸರಿ 4.2, ಸಪೋರ್ಟ್ ತಂಡದ್ದು 3.1. ಮೊದಲ ತಂಡ ನಿಜಕ್ಕೂ ಮೇಲೋ, ಅದರ ಮ್ಯಾನೇಜರ್ ಧಾರಾಳಿಯೋ? ಸರಾಸರಿ ಇದನ್ನು ಹೇಳುವುದಿಲ್ಲ. ಆದ್ದರಿಂದ ಒಂದೇ ದರ್ಜೆಯ ಇಬ್ಬರ ಕೆಲಸವನ್ನು, ಹೆಸರು ಮುಚ್ಚಿ, ಆ ದರ್ಜೆಯಿಂದ ಏನು ನಿರೀಕ್ಷಿಸಲಾಗಿದೆ ಎಂಬ ಬರಹದ ಪಕ್ಕದಲ್ಲಿಟ್ಟು ಓದಬೇಕು. ಪೇಮೆಂಟ್ ತಂಡದವರಿಗೆ ನಾಲ್ಕು ಸಿಕ್ಕಿದೆ. ಕಳೆದ ತಿಂಗಳು ಅವರು ಮುಗಿಸಿದ ಪ್ರಾಜೆಕ್ಟ್ ಎಲ್ಲರ ಕಣ್ಣಿಗೆ ಬಿದ್ದಿದೆ, ಆದರೆ ವರ್ಷದ ಉಳಿದ ಕೆಲಸ ದರ್ಜೆಗೆ ತಕ್ಕಷ್ಟೇ. ಸಪೋರ್ಟ್ ತಂಡದವರಿಗೆ ಮೂರು. ರಾತ್ರಿ ಸಿಸ್ಟಂ ಕೆಟ್ಟು ನಿಲ್ಲುವುದು ತಿಂಗಳಿಗೆ ಹತ್ತು ಸಲ ಇದ್ದದ್ದನ್ನು ಅವರು ಎರಡಕ್ಕಿಳಿಸಿದ್ದಾರೆ. ಅಂಥ ದುರಸ್ತಿಯನ್ನು ಆ ದರ್ಜೆಯವರಿಂದ ಯಾರೂ ಬಯಸಿರಲಿಲ್ಲ. ಹೀಗೆ ಓದಿದಾಗ ಇಬ್ಬರ ಅಂಕಗಳೂ ಅದಲುಬದಲಾಗುತ್ತವೆ. ಬದಲಾಯಿಸಿದ ಕಾರಣವನ್ನು ಅಲ್ಲಿಯೇ ಬರೆದಿಡಬೇಕು. ಬರೆಯಲು ಕಾರಣ ಸಿಗದಿದ್ದರೆ ಅಂಕವನ್ನು ಮುಟ್ಟಬಾರದು.

ಸಭೆಯೇ ದಾರಿ ತಪ್ಪುವುದೂ ಉಂಟು. ಹಿರಿಯರು ಮೊದಲು ಬಾಯಿಬಿಟ್ಟರೆ ಉಳಿದವರು ತಲೆಯಾಡಿಸುತ್ತಾರೆ. ಅದಕ್ಕೇ ಎಲ್ಲರೂ ಸಭೆಗೆ ಮೊದಲೇ ಅಂಕವನ್ನು ಬರೆದು ಕೊಡುವುದು, ಹಿರಿಯರು ಕೊನೆಗೆ ಮಾತಾಡುವುದು ಒಳ್ಳೆಯದು. ‘ಅವರಿಗೆ ಧೋರಣೆ ಸರಿಯಿಲ್ಲ’ ಎಂಬ ಮಾತು ಬಂದಾಗ ಸಭೆ ನಡೆಸುವವರು ‘ಯಾವ ಘಟನೆ?’ ಎಂದು ಕೇಳಲೇಬೇಕು. ಈ ಪ್ರಶ್ನೆಯನ್ನು ದಾಕ್ಷಿಣ್ಯಕ್ಕೆ ಬಿಟ್ಟ ಕಡೆ ಕ್ಯಾಲಿಬ್ರೇಷನ್ ಹೆಸರಿನಲ್ಲಿ ನಡೆಯುವುದು ಚೌಕಾಸಿ ಎಂದೇ ನನ್ನ ಅಭಿಪ್ರಾಯ.

ಸಭೆ ಮುಗಿದ ಮೇಲೆ ಎಚ್‌ಆರ್ ಮಾಡಬೇಕಾದ ಒಂದು ಲೆಕ್ಕವಿದೆ: ಯಾರ ಅಂಕ ಏರಿತು, ಯಾರದು ಇಳಿಯಿತು? ಇಳಿದವರಲ್ಲಿ ಹೆಂಗಸರು, ಮನೆಯಿಂದ ದುಡಿಯುವವರು ಅಥವಾ 26 ವಾರಗಳ ಹೆರಿಗೆ ರಜೆ ಮುಗಿಸಿ ಬಂದವರೇ ಹೆಚ್ಚಿದ್ದರೆ ಆ ಕಡತಗಳನ್ನು ಮತ್ತೆ ತೆರೆಯಬೇಕು. ರಜೆಯಲ್ಲಿದ್ದವರನ್ನು ಅಳೆಯಬೇಕಾದ್ದು ಅವರು ಕೆಲಸದಲ್ಲಿದ್ದ ತಿಂಗಳುಗಳಿಂದ ಮಾತ್ರ. ಇಡೀ ವರ್ಷದ ಗುರಿಯನ್ನು ಅವರ ಮುಂದಿಟ್ಟರೆ ರಜೆಗೇ ಅಂಕ ಕಳೆದಂತಾಗುತ್ತದೆ.