ಉದ್ದಿನ ಹಿಟ್ಟೂ ಎರಡು ಯಂತ್ರಗಳೂ

ಮೂವರಿರುವ ಮನೆಗೆ ದಿನಕ್ಕೆ ಅರ್ಧ ಲೋಟ ಉದ್ದು ಸಾಕಾಗುವದು. ಇಷ್ಟು ಸ್ವಲ್ಪವನ್ನು ಗ್ರೈಂಡರಿಗೆ ಹಾಕಿದರೆ ಅದು ಪಾತ್ರೆಯ ಅಂಚಿಗೆ ಅಂಟಿಕೊಂಡು ಕಲ್ಲಿಗೆ ಸಿಕ್ಕದು. ವಾರಕ್ಕೊಮ್ಮೆ ಎರಡು ಲೋಟ ರುಬ್ಬುವವರಿಗೆ ಅದು ಉತ್ತಮವೇ. ಆದರೆ ಕಲ್ಲು ತೊಳೆಯುವ ಶ್ರಮವನ್ನು ಅದನ್ನು ಕೊಂಡುತರುವ ಗಂಡಸರು ಲೆಕ್ಕಿಸುವದಿಲ್ಲ.

ಮಿಕ್ಸಿಯಲ್ಲಾದರೋ ಅಲಗು ಅತಿವೇಗವಾಗಿ ತಿರುಗುವದರಿಂದ ಹಿಟ್ಟು ಬಿಸಿಯಾಗಿ, ಚೆನ್ನಾಗಿ ಉಬ್ಬದೆ, ಇಡ್ಲಿಯು ಗಟ್ಟಿಯಾಗುವದು. ದೋಸೆಗೆ ಈ ಬಾಧೆ ಅಷ್ಟಿಲ್ಲ. ಆದಕಾರಣ ಉದ್ದನ್ನು 4 ತಾಸು ನೆನೆಸಿ, ಮಂಜುಗಡ್ಡೆ ಹಾಕಿದ ನೀರನ್ನು ಸ್ವಲ್ಪಸ್ವಲ್ಪವಾಗಿ ಹೊಯ್ಯುತ್ತಾ, ಅರ್ಧ ನಿಮಿಷ ತಿರುಗಿಸಿ ಒಂದು ನಿಮಿಷ ನಿಲ್ಲಿಸತಕ್ಕದ್ದು. ಹಿಟ್ಟಿನ ಒಂದು ಹನಿಯನ್ನು ನೀರಿಗೆ ಬಿಟ್ಟರೆ ತೇಲಬೇಕು. ಮುಳುಗಿದರೆ ಇನ್ನೂ ರುಬ್ಬಬೇಕು. ಇಡ್ಲಿಯ ಅಕ್ಕಿಯನ್ನು ಬೇರೆಯಾಗಿ, ಸಣ್ಣ ರವೆಯಷ್ಟು ತರಿಯಾಗಿ ರುಬ್ಬಿ ಕೂಡಿಸತಕ್ಕದ್ದು.